ಉತ್ತರ ಕೊಡದಿದ್ದರೆ ಸಂಬಂಧ ಉಳಿಯುವುದಿಲ್ಲ

‘ಆಗಲ್ಲ ಅಂತ ಬರೆದು ಯಾಕೆ ಮನಸ್ಸು ನೋಯಿಸೋದು? ಸುಮ್ಮನಿದ್ದರೆ ಅವರಿಗೇ ಗೊತ್ತಾಗುತ್ತೆ.’ ಮೂಡಿಗೆರೆ ಕಡೆಯ ತೋಟದ ಮಾಲೀಕರು, ಹೋಂಸ್ಟೇಯವರು ಕೆಲಸದ ಸಂದರ್ಶನಕ್ಕೆ ಬಂದವರಿಗೆ ಉತ್ತರ ಕೊಡದಿರುವುದನ್ನು ಸೌಜನ್ಯವೆಂದು ನಂಬಿರುವುದು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಆಮೇಲೆ ಕೊಯ್ಲು ಮುಗಿಯುವ ತನಕ ಮ್ಯಾನೇಜರುಗಳು ತೋಟ ಬದಲಾಯಿಸುವುದು ಕಷ್ಟ. ಅಕ್ಟೋಬರಿನಲ್ಲಿ ಒಬ್ಬರು ಕಳಸದಿಂದ ಬಂದು, ಮಾಲೀಕರ ಜೊತೆ ತೋಟ ಸುತ್ತಿ, ಕ್ವಾರ್ಟರ್ಸನ್ನೂ ನೋಡಿ ಹೋದರು ಎಂದುಕೊಳ್ಳಿ. ಮನೆ ತೋರಿಸಿದ ಮೇಲೆ ಕೆಲಸ ಸಿಕ್ಕಿತೆಂದೇ ಅವರು ತಿಳಿಯುತ್ತಾರೆ; ಇನ್ನೊಂದು ತೋಟದಿಂದ ಕರೆ ಬಂದರೆ ‘ಸ್ವಲ್ಪ ತಾಳಿ’ ಎನ್ನುತ್ತಾರೆ. ನಿಮ್ಮ ಮೌನದಿಂದ ಆ ಕೆಲಸವೂ ತಪ್ಪುತ್ತದೆ. ಬೇರೆಯವರು ಸೇರಿದ ಸುದ್ದಿ ಕೊನೆಗೆ ಕೊಟ್ಟಿಗೆಹಾರದ ಬಸ್ ನಿಲ್ದಾಣದಲ್ಲಿ ಯಾರದೋ ಬಾಯಿಂದ ಸಿಗುತ್ತದೆ. ಮುಂದಿನ ವರ್ಷ ಅವರೇ ನಿಮ್ಮ ಬೇಲಿಯಾಚೆಯ ತೋಟದ ಮ್ಯಾನೇಜರ್ ಆಗಿರಬಹುದು. ಆಗ ಆಳು ಸಾಲದೆ ಅವರ ಬಳಿ ಸಹಾಯ ಕೇಳಲು ನಿಮಗೆ ಮುಖವಿರುತ್ತದೆಯೇ?

ಆಯ್ಕೆಯಾದವರು ಬರವಣಿಗೆಯಲ್ಲಿ ಒಪ್ಪಿದ ದಿನವೇ ಉಳಿದವರಿಗೆ ತಿಳಿಸಬೇಕು. ಆಯ್ಕೆಯಾದವರ ಒಪ್ಪಿಗೆ ತಡವಾದರೆ, ‘ತೀರ್ಮಾನ ಇನ್ನೂ ಆಗಿಲ್ಲ, ಬೇರೆ ಕೆಲಸ ಸಿಕ್ಕರೆ ನಮಗಾಗಿ ಕಾಯಬೇಡಿ’ ಎಂದು ಎರಡನೇ ಆಯ್ಕೆಯವರಿಗೆ ನಡುವೆಯೇ ಒಂದು ಸಾಲು ಬರೆಯಿರಿ. ಕೊನೆಯ ಸುತ್ತಿಗೆ ಬಂದವರಿಗೆ ಮೊದಲು ಫೋನ್, ಅದರ ಹಿಂದೆಯೇ ಸಂದರ್ಶನ ಮಾಡಿದವರ ಹೆಸರಿನಲ್ಲೇ ಮೇಲ್. ಮೇಲ್ ಹೀಗಿದ್ದರೆ ಸಾಕು:

‘ನಮಸ್ಕಾರ. ಅಸಿಸ್ಟೆಂಟ್ ಮ್ಯಾನೇಜರ್ ಕೆಲಸಕ್ಕೆ ಬೇರೆಯವರನ್ನು ಆಯ್ಕೆ ಮಾಡಿದ್ದೇವೆ, ನಿಮಗೆ ಕೊಡಲಾಗಲಿಲ್ಲ. ಈ ಕೊಯ್ಲಿಗೆ ಪಲ್ಪರ್ ಮತ್ತು ಕಣ ಎರಡನ್ನೂ ಒಬ್ಬರೇ ನೋಡಿಕೊಂಡ ಅನುಭವ ಬೇಕಿತ್ತು. ತೋಟ ಸುತ್ತುವಾಗ ಕಾಂಡಕೊರಕ ಹೊಕ್ಕ ಗಿಡವನ್ನು ತೊಗಟೆಯ ಉಬ್ಬು ನೋಡಿಯೇ ನೀವು ಗುರುತಿಸಿದ್ದು ನೆನಪಿದೆ. ಅಷ್ಟು ದೂರದಿಂದ ಬಂದಿದ್ದಕ್ಕೆ ಧನ್ಯವಾದ.’

ಆಗಲಿಲ್ಲ ಎಂಬುದು ಎರಡನೇ ವಾಕ್ಯದಲ್ಲೇ ಇದೆ. ಹೊಗಳಿಕೆಯಿಂದ ಶುರು ಮಾಡಿದರೆ ಓದುವವರು ಕೆಲಸ ಸಿಕ್ಕಿತೆಂದುಕೊಂಡು ಕೆಳಗಿನ ಸಾಲಿಗೆ ಬಂದು ಎರಡು ಪಟ್ಟು ನೋಯುತ್ತಾರೆ. ಕಾರಣ ಒಂದೇ, ಅದೂ ಕೆಲಸಕ್ಕೆ ಸಂಬಂಧಿಸಿದ್ದು, ನಿಜವಾದದ್ದು. ಅನುಭವದ ನೆಪ ಹೇಳಿ ಆಮೇಲೆ ಅನುಭವವೇ ಇಲ್ಲದ ನೆಂಟರ ಹುಡುಗನನ್ನು ಸೇರಿಸಿಕೊಂಡರೆ ಊರಿಗೆಲ್ಲ ತಿಳಿಯುತ್ತದೆ. ಕಾಂಡಕೊರಕದ ಮಾತನ್ನು ಬೇರೆ ಯಾರಿಗೂ ಬರೆಯಲಾಗದು. ತಮ್ಮನ್ನು ಗಮನಿಸಿದ್ದಾರೆಂದು ಅವರಿಗೆ ಅದರಿಂದಲೇ ಗೊತ್ತಾಗುತ್ತದೆ.

‘ಬಯೋಡೇಟಾ ಇಟ್ಟುಕೊಂಡಿರುತ್ತೇವೆ’ ಎಂದರೆ ಸಮಾಧಾನವಾಗುತ್ತದೆ ಎಂಬುದೂ ಸುಳ್ಳು. ನಿಜವಾಗಿ ಕರೆಯುವುದಿದ್ದರೆ ಮಾತ್ರ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೇ ಗೌರವ ಎಂಬುದಕ್ಕೂ ಆಧಾರವಿಲ್ಲ, ಸಂದರ್ಶನ ನಡೆದ ಭಾಷೆಯೇ ಸರಿ. ಯಾರೋ ಕೊಟ್ಟ ಮಾದರಿ ಪತ್ರವನ್ನು ಕಣ್ಣುಮುಚ್ಚಿ ನಂಬಿ, ಹೆಸರು ಬದಲಿಸುವುದನ್ನೂ ಮರೆತು ಕಳಿಸುವವರಿದ್ದಾರೆ. ಗೊಬ್ಬರದ ಚೀಟಿಯನ್ನು ಎರಡು ಸಲ ಓದುವ ನಾವು ಒಬ್ಬರ ಅನ್ನದ ವಿಷಯದಲ್ಲಿ ಯಾಕೆ ಹೀಗೆ?

ಈ ಸಲ ಸಂದರ್ಶನ ಮುಗಿಸಿ ಉತ್ತರ ಕೊಡದೆ ಬಿಟ್ಟವರು ನಿಮ್ಮಲ್ಲಿದ್ದರೆ, ಕೊಯ್ಲು ಶುರುವಾಗುವ ಮೊದಲು ಆ ನಾಲ್ಕು ಸಾಲು ಬರೆದು ಕಳಿಸಿ.