ಕಡಲೆಕಾಯಿಗೆ ಎಷ್ಟು ಕೂಗು?

ವಿಲ್ಸನ್ ಗಾರ್ಡನ್ ತಳ್ಳುಗಾಡಿಯಿಂದ ಹಸಿ ಕಡಲೆಕಾಯಿ ತಂದ್ರಾ? ಮಣ್ಣು ಬಿಡೋವರೆಗೂ ತೊಳೀರಿ. ಅರ್ಧ ಕೆಜಿಗೆ ಒಂದೂವರೆ ದೊಡ್ಡ ಚಮಚ ಕಲ್ಲುಪ್ಪು, ಮುಳುಗುವಷ್ಟು ನೀರು. ಕುಕ್ಕರ್‌ನಲ್ಲಿ 4 ಕೂಗು. ಪಾತ್ರೆಯಲ್ಲಾದ್ರೆ ಮುಚ್ಚಿ 40 ನಿಮಿಷ. ಒಂದು ಬಿಡಿಸಿ ಕಚ್ಚಿ ನೋಡಿ, ಕಾಳು ಕಟುಂ ಅಂದ್ರೆ ಇನ್ನೂ ಬೇಯ್ಬೇಕು. ಬೆಂದ್ಮೇಲೂ ಅರ್ಧ ಗಂಟೆ ಅದೇ ನೀರಲ್ಲಿ ಬಿಡಿ, ಉಪ್ಪು ಒಳಗೆ ಇಳಿಯೋದು ಆಗಲೇ. ಬಸವನಗುಡಿ ಪರಿಷೆಯಿಂದ ತಂದ ಒಣಗಿದ ಕಾಯಾದ್ರೆ ರಾತ್ರಿಯೇ ನೆನೆಹಾಕಿ, ಇನ್ನೆರಡು ಕೂಗು ಹೆಚ್ಚಿಸಿ.

ಹಲಸಿನ ಬೀಜಕ್ಕೆ ಬಿಳಿ ಸಿಪ್ಪೆ ಸುಲಿದು 3 ಕೂಗು, ಪಾತ್ರೆಯಲ್ಲಿ ಅರ್ಧ ಗಂಟೆ. ಚಾಕು ಸಲೀಸಾಗಿ ಇಳೀಬೇಕು.

ಸ್ವೀಟ್ ಕಾರ್ನ್‌ಗೆ ಅಷ್ಟು ಹೊತ್ತು ಬೇಡವೇ ಬೇಡ! ಕುದಿಯೋ ನೀರಲ್ಲಿ 8 ನಿಮಿಷ, ಕುಕ್ಕರ್‌ನಲ್ಲಿ 1 ಕೂಗು. ಅದಕ್ಕೇ ಮೂರನ್ನೂ ಒಟ್ಟಿಗೆ ಬೇಯಿಸ್ಬೇಡಿ.