ಒಟ್ಟು ಎಷ್ಟಿದೆ ಅನ್ನೋದಕ್ಕಿಂತ ಮುಂದಿನ ತಿಂಗಳು ಎಷ್ಟು ಬರುತ್ತೆ ಅನ್ನೋದು ಮುಖ್ಯ

ಕ್ರಿಪ್ಟೋ ಟೋಕನ್ ಮಾರುವವರು ಮೊದಲು ಹೇಳೋ ಮಾತು ಒಂದೇ: "ಇರೋದೇ ಇಷ್ಟು, ಇನ್ನು ಹೆಚ್ಚಾಗಲ್ಲ." ಗರಿಷ್ಠ ಸಂಖ್ಯೆಗೆ ಮಿತಿ ಇದ್ದರೆ ಬೆಲೆ ಏರಲೇಬೇಕು ಅನ್ನೋದು ಇದರ ಹಿಂದಿರುವ ತರ್ಕ. ಕೋಲಾರದ ಟೊಮ್ಯಾಟೊ ಮಾರುಕಟ್ಟೆಗೆ ಹೋಗಿಬಂದ ಯಾರನ್ನಾದರೂ ಕೇಳಿ ನೋಡಿ. ಜಿಲ್ಲೆಯಲ್ಲಿ ಒಟ್ಟು ಎಷ್ಟು ಎಕರೆ ಬೆಳೆ ಇದೆ ಅಂತ ಅಲ್ಲ, ಇವತ್ತು ಬೆಳಿಗ್ಗೆ ಆವಕ ಎಷ್ಟು ಅಂತ ನೋಡಿಯೇ ಹರಾಜು ಕೂಗ್ತಾರೆ. ಟೋಕನ್ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಆವಕದ ಲೆಕ್ಕ ಅತ್ಯಂತ ಸರಳವಾಗಿರೋದು ಬಿಟ್‌ಕಾಯಿನ್‌ನಲ್ಲಿ. ಗರಿಷ್ಠ ಮಿತಿ 2.1 ಕೋಟಿ ನಾಣ್ಯ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತೆ, ಅದನ್ನು ಸೇರಿಸಿದ ಮೈನರ್‌ಗೆ ಹೊಸ ನಾಣ್ಯಗಳು ಸಿಗುತ್ತವೆ. 2009ರಲ್ಲಿ ಈ ಬಹುಮಾನ ಬ್ಲಾಕ್‌ಗೆ 50 ನಾಣ್ಯ ಇತ್ತು. ಪ್ರತಿ 2,10,000 ಬ್ಲಾಕ್‌ಗೊಮ್ಮೆ, ಅಂದ್ರೆ ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೊಮ್ಮೆ, ಅದು ಅರ್ಧ ಆಗುತ್ತೆ. ಇದೇ ಹಾಲ್ವಿಂಗ್. 2012, 2016, 2020ರಲ್ಲಿ ಆಗಿ, ನಾಲ್ಕನೆಯದು 2024ರ ಏಪ್ರಿಲ್ 20ರಂದು ಆಯಿತು. ಬಹುಮಾನ 6.25ರಿಂದ 3.125ಕ್ಕೆ ಇಳಿಯಿತು.

ದಿನದ ಲೆಕ್ಕದಲ್ಲಿ ಹೇಳೋದಾದ್ರೆ, ಮೊದಲು ಸುಮಾರು 900 ನಾಣ್ಯ ಹೊಸದಾಗಿ ಬರ್ತಿತ್ತು, ಈಗ 450. ಕೇಳೋಕೆ ದೊಡ್ಡ ಕಡಿತ. ಆದರೆ ಆ ಹೊತ್ತಿಗೆ ಒಟ್ಟು ನಾಣ್ಯಗಳಲ್ಲಿ ಶೇ 93.75ರಷ್ಟು ಆಗಲೇ ಹೊರಬಂದಾಗಿತ್ತು. ಈಗ ವರ್ಷಪೂರ್ತಿ ಸೇರೋದು ಇರುವ ದಾಸ್ತಾನಿನ ಶೇ 1ಕ್ಕಿಂತ ಕಡಿಮೆ. ಹಳೆಯ ಹಿಡುವಳಿದಾರರು ಒಂದೇ ದಿನದಲ್ಲಿ ಕೊಂಡು ಮಾರುವ ಪ್ರಮಾಣದ ಮುಂದೆ 450 ನಾಣ್ಯ ತೀರಾ ಸಣ್ಣದು. ಮೇಲಾಗಿ ಈ ದಿನ ಬರುತ್ತೆ ಅಂತ ಎಲ್ಲರಿಗೂ ವರ್ಷಗಳ ಮುಂಚೆಯೇ ಗೊತ್ತಿರುತ್ತೆ. 2024ರಲ್ಲಿ ಬೆಲೆ 73 ಸಾವಿರ ಡಾಲರ್ ದಾಟಿದ್ದು ಹಾಲ್ವಿಂಗ್‌ಗೆ ಒಂದು ತಿಂಗಳು ಮುಂಚೆ, ಅಮೆರಿಕದಲ್ಲಿ ಹೊಸದಾಗಿ ಅನುಮತಿ ಸಿಕ್ಕಿದ್ದ ಇಟಿಎಫ್‌ಗಳಿಗೆ ಹಣ ಹರಿದುಬರುತ್ತಿದ್ದಾಗ. ಹಾಲ್ವಿಂಗ್ ಆದ ಮೇಲೆ ಹಲವು ತಿಂಗಳು ಬೆಲೆ ಅದರ ಕೆಳಗೇ ಓಡಾಡಿಕೊಂಡಿತ್ತು. ಹಾಗಾಗಿ "ಹಾಲ್ವಿಂಗ್ ಆದ್ರೆ ಬೆಲೆ ಏರುತ್ತೆ" ಅನ್ನೋ ಸೂತ್ರಕ್ಕೆ ಇರುವ ಪುರಾವೆ ಬೆರಳೆಣಿಕೆಯ ಉದಾಹರಣೆಗಳಷ್ಟೇ.

ಈಗ ಇದರ ತದ್ವಿರುದ್ಧ ಪ್ರಕರಣ ನೋಡೋಣ. ಆರ್ಬಿಟ್ರಮ್ ಅನ್ನೋದು ಇಥೀರಿಯಂ ವಹಿವಾಟುಗಳನ್ನು ಅಗ್ಗವಾಗಿ, ಬೇಗ ಮುಗಿಸಿಕೊಡುವ ಜಾಲ. ಕೆಲಸ ಮಾಡುವ, ಜನ ನಿಜವಾಗಿ ಬಳಸುವ ಜಾಲ. ಮೋಸದ ಯೋಜನೆ ಅಲ್ಲ. 2023ರ ಮಾರ್ಚ್‌ನಲ್ಲಿ ಅದು ತನ್ನ ಟೋಕನ್ ಬಿಡುಗಡೆ ಮಾಡಿತು. ಒಟ್ಟು 1,000 ಕೋಟಿ. ಇದರಲ್ಲಿ ಸುಮಾರು ಶೇ 12.75 ಬಳಕೆದಾರರಿಗೆ ಮತ್ತು ಆ ಜಾಲದ ಮೇಲಿನ ಯೋಜನೆಗಳಿಗೆ ಉಚಿತವಾಗಿ ಹಂಚಿಕೆಯಾಯಿತು. ಶೇ 27ರಷ್ಟು ತಂಡ ಮತ್ತು ಸಲಹೆಗಾರರಿಗೆ, ಶೇ 17.5ರಷ್ಟು ಹೂಡಿಕೆದಾರರಿಗೆ ಮೀಸಲಾಯಿತು. ಉಳಿದದ್ದರಲ್ಲಿ ಬಹುಪಾಲು ಸಮುದಾಯದ ಖಜಾನೆಗೆ.

ತಂಡ ಮತ್ತು ಹೂಡಿಕೆದಾರರ ಪಾಲು ಒಂದು ವರ್ಷ ಪೂರ್ತಿ ಲಾಕ್ ಆಗಿತ್ತು. ವರ್ಷ ತುಂಬಿದ ದಿನ ಅದರ ಕಾಲು ಭಾಗ ಒಂದೇ ಸಲಕ್ಕೆ ಬಿಡುಗಡೆ, ಉಳಿದ ಮುಕ್ಕಾಲು ಭಾಗ ಮುಂದಿನ 36 ತಿಂಗಳು ಕಂತು ಕಂತಾಗಿ. ಹೀಗೆ ಒಂದೇ ಸಲ ಬೀಳುವ ದೊಡ್ಡ ಕಂತಿಗೆ ಕ್ರಿಪ್ಟೋ ಲೋಕದಲ್ಲಿ ಕ್ಲಿಫ್ ಅಂತಾರೆ.

2024ರ ಮಾರ್ಚ್ 16ಕ್ಕೆ ಆ ದಿನ ಬಂತು. ಅಲ್ಲಿವರೆಗೆ ಚಲಾವಣೆಯಲ್ಲಿದ್ದದ್ದು ಸುಮಾರು 127.5 ಕೋಟಿ ಟೋಕನ್. ಅವತ್ತು ಬಿಡುಗಡೆಯಾದದ್ದು 111 ಕೋಟಿ. ಒಂದೇ ದಿನದಲ್ಲಿ ಮಾರಬಹುದಾದ ಟೋಕನ್‌ಗಳ ಸಂಖ್ಯೆ ಶೇ 87ರಷ್ಟು ಹೆಚ್ಚಾಯಿತು. ಬಿಟ್‌ಕಾಯಿನ್‌ಗೆ ಇಡೀ ವರ್ಷದಲ್ಲಿ ಸೇರೋದು ಶೇ 1ಕ್ಕಿಂತ ಕಡಿಮೆ ಅನ್ನೋದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಮಾರ್ಚ್ ಆರಂಭದಲ್ಲಿ ಟೋಕನ್ ಬೆಲೆ 2 ಡಾಲರ್ ಆಸುಪಾಸಿನಲ್ಲಿತ್ತು. 127.5 ಕೋಟಿಗೆ ಅದನ್ನು ಗುಣಿಸಿದರೆ 255 ಕೋಟಿ ಡಾಲರ್. ಆ್ಯಪ್‌ನಲ್ಲಿ ಮಾರುಕಟ್ಟೆ ಮೌಲ್ಯ ಅಂತ ಎದ್ದುಕಾಣುವಂತೆ ತೋರಿಸೋದು ಇದನ್ನೇ. ಆದರೆ ಎಲ್ಲ 1,000 ಕೋಟಿಗೂ ಅದೇ ಬೆಲೆ ಹಾಕಿದರೆ 2,000 ಕೋಟಿ ಡಾಲರ್ ಆಗುತ್ತೆ. ಇವೆರಡರ ನಡುವಿನ ಅಂತರವೇ ಇನ್ನೂ ಮಾರುಕಟ್ಟೆಗೆ ಬಾರದ ಸರಕು. 2 ಡಾಲರ್ ಅನ್ನೋ ಬೆಲೆ ನಿಂತಿದ್ದದ್ದು ಬೆಳೆಯ ಎಂಟನೇ ಒಂದು ಭಾಗ ಮಾತ್ರ ಮಂಡಿಗೆ ಬಂದಿದ್ದಾಗ.

ಬಿಡುಗಡೆಯಾದದ್ದೆಲ್ಲ ಮಾರಾಟವಾಗಲ್ಲ ನಿಜ. ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಮಾರುಕಟ್ಟೆಗೆ ಬಂತು ಅಂದುಕೊಂಡರೂ, 2 ಡಾಲರ್ ಬೆಲೆಯಲ್ಲೇ ಅದನ್ನು ಕೊಳ್ಳೋಕೆ ಸುಮಾರು 22 ಕೋಟಿ ಡಾಲರ್ ಹೊಸ ಹಣ ಬೇಕು. ಮಾರುವವರ ಮನಸ್ಥಿತಿಯೂ ಬೇರೆ. ತಂಡದವರಿಗೆ ಟೋಕನ್ ಬಂದಿರೋದು ಸಂಬಳದ ಭಾಗವಾಗಿ, ಆರಂಭದ ಹೂಡಿಕೆದಾರರು ಕೊಂಡಿರೋದು ಟೋಕನ್ ಮಾರುಕಟ್ಟೆಗೆ ಬರುವ ಮುಂಚೆ. ಎಕ್ಸ್‌ಚೇಂಜ್‌ನಲ್ಲಿ 2 ಡಾಲರ್ ಕೊಟ್ಟವರಿಗೆ 1 ಡಾಲರ್ ಅಂದ್ರೆ ಅರ್ಧ ನಷ್ಟ. ಅವರಿಗೆ ಅದು ಇನ್ನೂ ಲಾಭವೇ.

ಏಪ್ರಿಲ್ ಮಧ್ಯದ ಹೊತ್ತಿಗೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಪೂರ್ತಿ ಹೊಣೆಯನ್ನು ಅನ್‌ಲಾಕ್ ಮೇಲೆ ಹಾಕೋದು ಸರಿಯಲ್ಲ. ಆ ವಾರಗಳಲ್ಲಿ ಇಡೀ ಕ್ರಿಪ್ಟೋ ಮಾರುಕಟ್ಟೆಯೇ ಕುಸಿದಿತ್ತು. ಆದರೂ ಬಿಟ್‌ಕಾಯಿನ್‌ನ ಇಳಿಕೆ ಇದಕ್ಕಿಂತ ತುಂಬಾ ಕಡಿಮೆ ಇತ್ತು. ಕ್ಲಿಫ್ ಮುಗಿದ ಮೇಲೂ ಪ್ರತಿ ತಿಂಗಳು ಸುಮಾರು 9.26 ಕೋಟಿ ಟೋಕನ್ ಬಿಡುಗಡೆಯಾಗುವ ವೇಳಾಪಟ್ಟಿ 2027ರ ಮಾರ್ಚ್‌ವರೆಗೂ ಇದೆ.

ಅನ್‌ಲಾಕ್ ಆದ ದಿನ ಚಾರ್ಟ್ ನೋಡಿ "ಏನೂ ಆಗಲೇ ಇಲ್ವಲ್ಲ" ಅನ್ನುವವರು ಇರ್ತಾರೆ. ದಿನಾಂಕ ಗೊತ್ತಿದ್ದವರು ಅಲ್ಲಿವರೆಗೆ ಕಾಯಲ್ಲ. ಲಾಕ್ ಆದ ಟೋಕನ್ ಮಾರೋಕೆ ಆಗದಿದ್ದರೂ, ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಮೊದಲೇ ಶಾರ್ಟ್ ಮಾಡಿಟ್ಟುಕೊಂಡರೆ ಅವತ್ತಿನ ಬೆಲೆ ಭದ್ರ. ಹಾಗಾಗಿ ಒತ್ತಡ ಕೆಲವು ವಾರ ಮುಂಚೆಯೇ ಶುರುವಾಗಬಹುದು. ಶಾರ್ಟ್ ಮಾಡಿದವರು ವಾಪಸ್ ಕೊಳ್ಳುವಾಗ ಬೆಲೆ ಸ್ವಲ್ಪ ಏರಲೂಬಹುದು. ಒಂದು ದಿನದ ಚಾರ್ಟ್‌ಗಿಂತ ಮೂರು ತಿಂಗಳ ಚಾರ್ಟ್ ಹೆಚ್ಚು ಸತ್ಯ ಹೇಳುತ್ತೆ.

ಇನ್ನು ಮಿತಿಯ ವಿಷಯ. ಆರ್ಬಿಟ್ರಮ್‌ನ 1,000 ಕೋಟಿ ಅನ್ನೋದು ಆರಂಭಿಕ ಸಂಖ್ಯೆ. ಟೋಕನ್‌ದಾರರು ಮತ ಹಾಕಿದರೆ ವರ್ಷಕ್ಕೆ ಗರಿಷ್ಠ ಶೇ 2ರಷ್ಟು ಹೊಸದಾಗಿ ಸೃಷ್ಟಿಸಲು ನಿಯಮದಲ್ಲೇ ಅವಕಾಶವಿದೆ. ಬಿಟ್‌ಕಾಯಿನ್‌ನ ಮಿತಿ ಬದಲಿಸಬೇಕಾದರೆ ಅದರ ಸಾಫ್ಟ್‌ವೇರ್ ಓಡಿಸುತ್ತಿರುವವರು ತಾವಾಗಿಯೇ ಹೊಸ ನಿಯಮಕ್ಕೆ ಬದಲಾಗಬೇಕು. ಎರಡಕ್ಕೂ ಒಂದೇ ಪದ ಬಳಸಿದರೂ ಒಂದೇ ಗಟ್ಟಿತನ ಇಲ್ಲ.

ಯಾವುದೇ ಟೋಕನ್ ಕೊಳ್ಳುವ ಮುಂಚೆ ಮೂರು ವಿಷಯ ಹುಡುಕಿ: ಒಟ್ಟಿನಲ್ಲಿ ಎಷ್ಟು ಪಾಲು ಈಗ ಚಲಾವಣೆಯಲ್ಲಿದೆ, ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಬಿಡುಗಡೆಯಾಗುತ್ತೆ, ಅದು ಯಾರ ಕೈಗೆ ಹೋಗುತ್ತೆ. ಯೋಜನೆಯ ದಾಖಲೆಗಳಲ್ಲೇ ಸಾಮಾನ್ಯವಾಗಿ ಇದೆಲ್ಲ ಇರುತ್ತೆ. ಇಲ್ಲದಿದ್ದರೆ ಅದೇ ಒಂದು ಉತ್ತರ.

ನಮ್ಮಲ್ಲಿ ಇದು ಇನ್ನಷ್ಟು ದುಬಾರಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ. ಒಂದು ಟೋಕನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬಿಡಲ್ಲ, ಮುಂದಿನ ವರ್ಷಕ್ಕೆ ಒಯ್ಯೋಕೂ ಬಿಡಲ್ಲ. ಅನ್‌ಲಾಕ್‌ನಲ್ಲಿ 50 ಸಾವಿರ ಕಳೆದುಕೊಂಡು, ಅದೇ ವರ್ಷ ಬಿಟ್‌ಕಾಯಿನ್‌ನಲ್ಲಿ 50 ಸಾವಿರ ಗಳಿಸಿದವರ ಕೈಗೆ ಬಂದಿದ್ದು ಸೊನ್ನೆ, ಕಟ್ಟಬೇಕಾದ ತೆರಿಗೆ 15 ಸಾವಿರ ಮತ್ತು ಅದರ ಮೇಲೆ ಸೆಸ್.