ಖಾಲಿ ಬಿಡಲಾರದ ಯಂತ್ರ: ಜಾಲತಾಣದ ಕರಡನ್ನು ಓದುವ ಬಗೆ

ಪುಟವಿನ್ಯಾಸ ಮಾಡುವವರು ಬಹುಕಾಲದಿಂದ ಬಳಸುತ್ತ ಬಂದಿರುವ ಅರ್ಥಹೀನ ಪಠ್ಯವೊಂದಿದೆ. ‘ಲೋರೆಮ್ ಇಪ್ಸಮ್’ ಎಂದು ಆರಂಭವಾಗುವ ಅದರ ಸಾಲುಗಳು, ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥವೊಂದನ್ನು ಕತ್ತರಿಸಿ ಕಲಸಿ ಮಾಡಿದವು ಎಂಬುದನ್ನು ಲ್ಯಾಟಿನ್ ವಿದ್ವಾಂಸರಾದ ರಿಚರ್ಡ್ ಮೆಕ್‌ಕ್ಲಿಂಟಾಕ್ ಗುರುತಿಸಿದರು. 1960ರ ದಶಕದಲ್ಲಿ ಲೆಟ್ರಾಸೆಟ್ ಎಂಬ ಅಕ್ಷರ ಅಂಟಿಸುವ ಹಾಳೆಗಳ ಮೂಲಕವೂ, 1980ರ ದಶಕದಲ್ಲಿ ಆಲ್ಡಸ್ ಪೇಜ್‌ಮೇಕರ್ ತಂತ್ರಾಂಶದ ಮೂಲಕವೂ ಈ ಪಠ್ಯ ಲೋಕದ ವಿನ್ಯಾಸಶಾಲೆಗಳನ್ನೆಲ್ಲ ಹೊಕ್ಕಿತು. ನಿಜವಾದ ಬರಹ ಕೈಸೇರುವ ಮೊದಲೇ ಪುಟದ ರೂಪವನ್ನು ನೋಡಲು ನೆರವಾಗುವುದು ಅದರ ಕೆಲಸ. ಆದರೆ ಅದಕ್ಕೆ ಇನ್ನೊಂದು ಗುಣವೂ ಇತ್ತು, ಅದರ ಬೆಲೆ ಆಗ ಯಾರ ಗಮನಕ್ಕೂ ಬಂದಂತಿಲ್ಲ. ಅದನ್ನು ಕಂಡ ಯಾರೂ ನಿಜವಾದ ಮಾಹಿತಿಯೆಂದು ನಂಬುತ್ತಿರಲಿಲ್ಲ, ಹಾಗಾಗಿ ಪುಟ ಇನ್ನೂ ಮುಗಿದಿಲ್ಲ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು.

ಇಂದಿನ ಸ್ವಯಂಚಾಲಿತ ಸೈಟ್ ಜನರೇಟರುಗಳು, ಅಂದರೆ ನಾಲ್ಕಾರು ಸಾಲಿನ ವಿವರಣೆಯನ್ನು ಪಡೆದು ಇಡೀ ಜಾಲತಾಣವನ್ನೇ ಕಟ್ಟಿಕೊಡುವ ತಂತ್ರಾಂಶಗಳು, ಈ ಗುರುತನ್ನೇ ಅಳಿಸಿಹಾಕಿವೆ. ವಿಕ್ಸ್ ಸಂಸ್ಥೆ 2016ರಲ್ಲಿ ಇಂಥದ್ದೊಂದು ಸೌಲಭ್ಯವನ್ನು ಹೊರತಂದಾಗ, ಬಳಕೆದಾರನಿಗೆ ಕೆಲವು ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಸಿದ್ಧ ವಿನ್ಯಾಸಗಳನ್ನು ಜೋಡಿಸುವುದು ಅದರ ರೀತಿಯಾಗಿತ್ತು. ಈಗಿನವು ಭಾಷಾ ಮಾದರಿಗಳನ್ನು ಆಧರಿಸಿದವು. ಅಪಾರ ಪಠ್ಯವನ್ನು ಓದಿಸಿ, ಒಂದು ಪದಸಾಲಿನ ಮುಂದೆ ಏನು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕಲು ಪಳಗಿಸಿದ ಗಣಿತ ವ್ಯವಸ್ಥೆಗೆ ಭಾಷಾ ಮಾದರಿ ಎಂಬ ಹೆಸರು. ಅಂಗಡಿಯ ಜಾಲತಾಣಗಳನ್ನು ಲೆಕ್ಕವಿಲ್ಲದಷ್ಟು ಓದಿರುವ ಈ ಮಾದರಿಗೆ, ಮೇಲೊಂದು ದೊಡ್ಡ ಚಿತ್ರ, ಅದರ ಕೆಳಗೆ ಮೂರು ವಿಶೇಷಗಳು, ಆಮೇಲೆ ಗ್ರಾಹಕರ ಸಂಖ್ಯೆ, ಗ್ರಾಹಕರ ಮಾತು, ಕೊನೆಗೆ ವಿಳಾಸ ಎಂಬ ಕ್ರಮ ಕರಗತವಾಗಿರುತ್ತದೆ. ಗ್ರಾಹಕರ ಸಂಖ್ಯೆಗೆಂದು ಒಂದು ಖಾನೆ ಮಾಡಿದ ಮೇಲೆ ಅಲ್ಲಿ ಸಂಖ್ಯೆಯೊಂದು ಬರಲೇಬೇಕೆಂದು ಲೆಕ್ಕ ಹೇಳುತ್ತದೆ. ಆ ಸಂಖ್ಯೆ ತನಗೆ ತಿಳಿದಿದೆಯೇ ಇಲ್ಲವೇ ಎಂಬ ಪ್ರಶ್ನೆ ಆ ಲೆಕ್ಕದೊಳಗೆ ತಾನಾಗಿ ಏಳುವುದಿಲ್ಲ. ನಿಮಿಷದಲ್ಲಿ ಜಾಲತಾಣ ಸಿದ್ಧ ಎಂಬ ಜಾಹೀರಾತು ಸುಳ್ಳೇನಲ್ಲ, ಆದರೆ ಆ ನಿಮಿಷದಲ್ಲಿ ಸಿದ್ಧವಾಗುವುದು ಜಾಲತಾಣದ ರೂಪ ಮಾತ್ರ.

ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡಬಹುದು. ಶಿರಸಿಯ ಕಡೆಯ ಕುಟುಂಬವೊಂದು ಮನೆಯಲ್ಲಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾರಲು ಜಾಲತಾಣ ಬೇಕೆಂದು ಬಯಸಿ, ‘ಶಿರಸಿಯ ಮನೆಯಲ್ಲಿ ತಯಾರಿಸಿದ ಅಪ್ಪೆಮಿಡಿ ಉಪ್ಪಿನಕಾಯಿ, ಅರ್ಧ ಕೆಜಿ ಮತ್ತು ಒಂದು ಕೆಜಿ ಭರಣಿಗಳಲ್ಲಿ ಸಿಗುತ್ತದೆ’ ಎಂಬಷ್ಟನ್ನೇ ಜನರೇಟರಿಗೆ ಕೊಟ್ಟಿತೆಂದು ಭಾವಿಸೋಣ. ಬರುವ ಕರಡು ಕಣ್ಣಿಗೆ ಅಚ್ಚುಕಟ್ಟಾಗಿಯೇ ಇರುತ್ತದೆ. ಮೂರು ತಲೆಮಾರಿನ ಪರಂಪರೆ, ಐದು ಸಾವಿರಕ್ಕೂ ಹೆಚ್ಚು ತೃಪ್ತ ಗ್ರಾಹಕರು, ಶೇ. 100 ಸಾವಯವ, ಭಾರತದಾದ್ಯಂತ ಉಚಿತ ರವಾನೆ, ಬೆಂಗಳೂರಿನ ಗೃಹಿಣಿಯೊಬ್ಬರ ಮೆಚ್ಚುಗೆಯ ಮಾತು ಎಲ್ಲವೂ ಅದರಲ್ಲಿರುತ್ತವೆ, ಮತ್ತು ಇವುಗಳಲ್ಲಿ ಒಂದನ್ನೂ ಆ ಕುಟುಂಬ ಹೇಳಿರುವುದಿಲ್ಲ.

ಪರಿಶೀಲನೆ ಬಣ್ಣ, ಚಿತ್ರಗಳಿಂದ ಆರಂಭವಾಗುವುದು ವಾಡಿಕೆ, ಆದರೆ ಆರಂಭವಾಗಬೇಕಾದದ್ದು ಇಂಥ ಪ್ರತಿಪಾದನೆಗಳಿಂದ. ಪುಟದಲ್ಲಿರುವ ಪ್ರತಿಯೊಂದು ಸಂಖ್ಯೆ, ಹೆಸರು, ಮಾನ್ಯತೆ ಮತ್ತು ಭರವಸೆಯನ್ನು ಒಂದು ಹಾಳೆಯ ಎಡಬದಿಗೆ ಬರೆದು, ಅದಕ್ಕೆ ಆಧಾರವಾದ ಕಾಗದಪತ್ರ ಯಾವುದೆಂಬುದನ್ನು ಬಲಬದಿಗೆ ಬರೆಯುವುದು ಸರಳವಾದ ಕ್ರಮ. ಬಲಬದಿ ಖಾಲಿಯಾಗಿ ಉಳಿದ ಸಾಲು ಜಾಲತಾಣದಿಂದ ಹೊರಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಸಾವಯವ’ ಎಂಬುದು ಬರಿಯ ಹೊಗಳಿಕೆಯಾಗಿರದೆ ಪ್ರಮಾಣೀಕರಣವನ್ನು ಬೇಡುವ ಮಾತಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ ಸಂಖ್ಯೆ 14 ಅಂಕಿಗಳದ್ದು, ಮತ್ತು ಜನರೇಟರು ಅಷ್ಟೇ ಉದ್ದದ ಸಂಖ್ಯೆಯೊಂದನ್ನು ತಾನೇ ಹೆಣೆದು ಕೂರಿಸಬಲ್ಲದಾದ್ದರಿಂದ, ಅದನ್ನು ಪ್ರಮಾಣಪತ್ರದೊಂದಿಗೆ ಅಂಕಿಗೆ ಅಂಕಿ ಹೋಲಿಸಬೇಕಾಗುತ್ತದೆ. ಅಪ್ಪೆಮಿಡಿಗೆ ಜಿಐ ಟ್ಯಾಗ್ ಎಂದು ಕರೆಯಲಾಗುವ ಭೌಗೋಳಿಕ ಮಾನ್ಯತೆ ಇರುವುದು ನಿಜವಾದರೂ, 1999ರ ಕಾಯಿದೆಯ ಪ್ರಕಾರ ಅದನ್ನು ಬಳಸುವ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರದು. ಯಂತ್ರಕ್ಕೆ ಮೊದಲನೆಯ ಸಂಗತಿ ತಿಳಿದಿದ್ದು ಎರಡನೆಯದನ್ನು ಅದು ಕೈಬಿಟ್ಟಿದ್ದರೆ, ಸತ್ಯಕ್ಕೆ ಹತ್ತಿರದ ಆ ಮಾತು ಪೂರಾ ಸುಳ್ಳಿಗಿಂತ ಹೆಚ್ಚು ತೊಂದರೆ ತರಬಲ್ಲದು. ಕಲ್ಪಿತ ಗ್ರಾಹಕರ ಮೆಚ್ಚುಗೆಯೂ ಹಾಗೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ, ಬರೆದದ್ದು ಯಂತ್ರವಾದರೂ ಪ್ರಕಟಿಸಿದವರು ಮಾರಾಟಗಾರರೇ ಆಗಿರುತ್ತಾರೆ.

ಚಿತ್ರದ ವಿಷಯದಲ್ಲಿಯೂ ಇದೇ ಕಾರಣದಿಂದ ಎಡವಟ್ಟಾಗುತ್ತದೆ. ಅಪ್ಪೆಮಿಡಿ ಎಂದರೆ ಸೊನೆಯ ಪರಿಮಳ ಉಳಿಯುವಂತೆ ತೊಟ್ಟಿನೊಂದಿಗೇ ಕೊಯ್ದು, ಇಡಿಯಾಗಿ ಉಪ್ಪಿನಲ್ಲಿ ಹಾಕುವ ಎಳೆಯ ಮಾವಿನಮಿಡಿ. ಆದರೆ ಮಾವಿನ ಉಪ್ಪಿನಕಾಯಿ ಎಂದೊಡನೆ ಯಂತ್ರಕ್ಕೆ ಸುಲಭವಾಗಿ ಒದಗುವುದು ಹೋಳುಮಾಡಿ ಸಾಸಿವೆ ಎಣ್ಣೆಯಲ್ಲಿ ಮುಳುಗಿಸಿದ ಉತ್ತರ ಭಾರತದ ಉಪ್ಪಿನಕಾಯಿ. ಮಲೆನಾಡಿನ ಗ್ರಾಹಕ ಆ ಚಿತ್ರವನ್ನು ಕಂಡೊಡನೆ ಪುಟ ಮುಚ್ಚುತ್ತಾನೆ. ಇಲ್ಲಿ ಮೊಬೈಲಿನಲ್ಲಿ ತೆಗೆದ, ಭರಣಿಯ ಸಾಧಾರಣ ಫೋಟೊ ಎಷ್ಟೋ ಮೇಲು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವಂಥದ್ದು. ಪುಟದ ಹಿಂದೆ ಬ್ರೌಸರಿಗೂ ಗೂಗಲ್‌ನಂಥ ಶೋಧಯಂತ್ರಗಳಿಗೂ ಮಾತ್ರ ಓದಲು ಸಿಗುವ ಭಾಗವೊಂದಿರುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಪುಟವನ್ನು ತೆರೆದು `Ctrl+U` ಒತ್ತಿದರೆ ಅದು ಕಾಣುತ್ತದೆ. ಕನ್ನಡ ಪುಟದ ಕರಡೊಂದರಲ್ಲಿ ಈ ಬಗೆಯ ಸಾಲುಗಳು ಸಿಗಬಹುದು:

```html
<html lang="en">
<title>Home</title>
<meta name="robots" content="noindex">
```

ಮೊದಲ ಸಾಲು ಪುಟದ ಭಾಷೆ ಇಂಗ್ಲಿಷ್ ಎಂದು ಸಾರುತ್ತದೆ. ದೃಷ್ಟಿಹೀನರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂಬುದನ್ನು ಈ ಗುರುತಿನಿಂದ ಅರಿಯುತ್ತವೆ. ಕನ್ನಡ ಪಠ್ಯ ಇಂಗ್ಲಿಷ್ ಧ್ವನಿಯ ಪಾಲಾದರೆ ಕೇಳುಗನಿಗೆ ಏನೂ ತಿಳಿಯುವುದಿಲ್ಲ. ಅದನ್ನು `lang="kn"` ಎಂದು ಬದಲಿಸಿದರೆ ಸಾಕು. ಎರಡನೆಯದು ಹುಡುಕಾಟದ ಫಲಿತಾಂಶದಲ್ಲಿ ಕಾಣಬೇಕಾದ ಶೀರ್ಷಿಕೆ, ಅಲ್ಲಿ ಅಂಗಡಿಯ ಹೆಸರು ಬರಬೇಕು. ಮೂರನೆಯ ಸಾಲು ಈ ಪುಟವನ್ನು ಪಟ್ಟಿಗೆ ಸೇರಿಸಬೇಡಿ ಎಂದು ಶೋಧಯಂತ್ರಗಳಿಗೆ ಹೇಳುತ್ತದೆ. ಕರಡಿನ ಹಂತದಲ್ಲಿ ಅದು ಇರುವುದೇ ಸರಿ, ಪ್ರಕಟಣೆಯ ದಿನ ತೆಗೆಯಲು ಮರೆತರೆ ಮಾತ್ರ ಜಾಲತಾಣವಿದ್ದೂ ಹುಡುಕಿದವರಿಗೆ ಸಿಗುವುದಿಲ್ಲ.

ಇದೇ ಭಾಗದಲ್ಲಿ ಶೋಧಯಂತ್ರಗಳಿಗೆಂದು ಅಂಗಡಿಯ ವಿವರವನ್ನು ಕ್ರಮಬದ್ಧವಾಗಿ ಬರೆದಿಡುವ ತುಣುಕೊಂದು ಇರಬಹುದು. `aggregateRating` ಎಂಬ ಹೆಸರಿನ ಮುಂದೆ ಐದಕ್ಕೆ 4.9 ಅಂಕ, 127 ವಿಮರ್ಶೆಗಳು ಎಂಬಂಥ ಲೆಕ್ಕವಿದ್ದರೆ, ಪುಟದ ಮೇಲಿನ ಸುಳ್ಳು ಮೆಚ್ಚುಗೆಯನ್ನು ಅಳಿಸಿದ ನಂತರವೂ ಒಳಗಿನ ಸುಳ್ಳು ಹಾಗೆಯೇ ಉಳಿದಿರುತ್ತದೆ. ಮೇಲೆ ಅಳಿಸಿದ ಪ್ರತಿಯೊಂದು ಸಂಖ್ಯೆಯನ್ನೂ ಒಳಭಾಗದಲ್ಲಿ ಮತ್ತೊಮ್ಮೆ ಹುಡುಕುವುದು ಈ ಕಾರಣಕ್ಕಾಗಿ ಅಗತ್ಯ.

ಕನ್ನಡ ಲಿಪಿಯ ಪರೀಕ್ಷೆಯನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳಿಕೊಡುವುದಿಲ್ಲ. ಲ್ಯಾಟಿನ್ ಲಿಪಿಯ ಶೀರ್ಷಿಕೆಗಳಿಗೆ ಸಾಲುಗಳ ನಡುವೆ ಕಡಿಮೆ ಜಾಗ ಸಾಕಾಗುವುದರಿಂದ, ಜನರೇಟರುಗಳು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.1ರಷ್ಟಕ್ಕೆ ಇಟ್ಟು, ಅಕ್ಷರಗಳನ್ನು ಒಂದಕ್ಕೊಂದು ತುಸು ಹತ್ತಿರ ಎಳೆದಿರುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ; ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಎರಡೆರಡು ಒತ್ತುಗಳು ಸೇರುವುದರಿಂದ ಅವು ಕೆಳಗಿನ ಸಾಲಿಗೆ ತಗಲುತ್ತವೆ ಅಥವಾ ಪೆಟ್ಟಿಗೆಯ ಅಂಚಿನಲ್ಲಿ ಕತ್ತರಿಸಿ ಹೋಗುತ್ತವೆ. ಇಂಗ್ಲಿಷಿಗೆಂದು ಆರಿಸಿದ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲದಿದ್ದರೆ, ಪ್ರತಿಯೊಂದು ಫೋನೂ ತನ್ನಲ್ಲಿರುವ ಯಾವುದೋ ಕನ್ನಡ ಫಾಂಟನ್ನು ತೋರಿಸುತ್ತದೆ, ವಿನ್ಯಾಸ ಫೋನಿನಿಂದ ಫೋನಿಗೆ ಬದಲಾಗುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟೊಂದನ್ನು ಹೆಸರಿಸಿ, ಅಕ್ಷರಗಳ ನಡುವಿನ ಎಳೆತವನ್ನು ಸೊನ್ನೆಗಿಳಿಸಿ, ಸಾಲಿನ ಎತ್ತರವನ್ನು 1.6ರ ಆಸುಪಾಸಿಗೆ ಏರಿಸಿದರೆ ಬಹುಪಾಲು ತೊಂದರೆ ತೀರುತ್ತದೆ. ಒತ್ತಕ್ಷರ ಹೆಚ್ಚಿರುವ ಎರಡು ಸಾಲಿನ ಶೀರ್ಷಿಕೆಯೊಂದನ್ನು ಅಗ್ಗದ ಫೋನಿನ ಚಿಕ್ಕ ಪರದೆಯಲ್ಲಿ ನೋಡುವುದೇ ಇದರ ಪರೀಕ್ಷೆ.

ಉಳಿದದ್ದು ಆರ್ಡರ್ ಅಥವಾ ವಿಚಾರಣೆಯ ಫಾರಂ. ಗ್ರಾಹಕ ಹೆಸರು, ಫೋನ್ ಸಂಖ್ಯೆ ತುಂಬಿ ಗುಂಡಿ ಒತ್ತಿದಾಗ ಆ ಮಾಹಿತಿಯನ್ನು ಪಡೆದು ಮಾಲೀಕನಿಗೆ ತಲುಪಿಸಲು ಎಲ್ಲಾದರೂ ಒಂದು ಸರ್ವರ್ ಇರಬೇಕು. ಪುಟದ ರೂಪವನ್ನಷ್ಟೇ ಬರೆಯುವ ಜನರೇಟರಿಗೆ ಅಂಥ ಸರ್ವರ್ ಗೊತ್ತಿಲ್ಲದಿದ್ದರೂ, ಫಾರಂ ಎಂಬ ಖಾನೆ ಕೆಲಸ ಮಾಡಿದಂತೆ ಕಾಣಲೇಬೇಕಾದ್ದರಿಂದ ಅದು ಹೀಗೆ ಬರೆಯಬಹುದು:

```js
form.addEventListener("submit", (e) => {
  e.preventDefault();
  thanks.hidden = false;
});
```

ಇದರ ಎರಡನೆಯ ಸಾಲು ಮಾಹಿತಿಯ ರವಾನೆಯನ್ನು ತಡೆಯುತ್ತದೆ, ಮೂರನೆಯದು ‘ಧನ್ಯವಾದ, ನಿಮ್ಮ ಆರ್ಡರ್ ತಲುಪಿದೆ’ ಎಂಬ ಸಂದೇಶವನ್ನು ತೋರಿಸುತ್ತದೆ, ಇವೆರಡರ ನಡುವೆ ಏನೂ ಇಲ್ಲ. ಮಾಲೀಕ ಗುಂಡಿ ಒತ್ತಿ ನೋಡಿದರೂ ಧನ್ಯವಾದವೇ ಕಾಣುವುದರಿಂದ ದೋಷ ತಿಳಿಯುವುದಿಲ್ಲ. ಬೇರೊಂದು ಫೋನಿನಿಂದ ಆರ್ಡರ್ ಕಳುಹಿಸಿ, ಅದು ತನ್ನ ಇ-ಮೇಲಿಗೋ ವಾಟ್ಸ್‌ಆ್ಯಪಿಗೋ ನಿಜವಾಗಿ ಬಂದಿದೆಯೇ ಎಂದು ನೋಡಿದಾಗ ಮಾತ್ರ ತಿಳಿಯುತ್ತದೆ.

ಈ ಶ್ರಮದಲ್ಲಿ ಒಂದು ಭಾಗವನ್ನು ಕರಡು ಬರೆಸುವಾಗಲೇ ಉಳಿಸಬಹುದು. ತಿಳಿಸಿರದ ಯಾವ ಸಂಗತಿಯನ್ನೂ ಬರೆಯಬಾರದು, ಮಾಹಿತಿ ಇಲ್ಲದ ಕಡೆಯೆಲ್ಲ `[[ತುಂಬಿ]]` ಎಂಬ ಗುರುತು ಹಾಕಬೇಕು ಎಂದು ಜನರೇಟರಿಗೆ ಮೊದಲೇ ಸೂಚಿಸಿದರೆ, ಬರುವ ಪುಟ ಅಷ್ಟು ಚೆಂದವಾಗಿರದೆ ಅಲ್ಲಲ್ಲಿ ತೂತು ಬಿದ್ದಂತೆ ಕಾಣುತ್ತದೆ, ಮತ್ತು ಆ ತೂತುಗಳನ್ನು ಹುಡುಕಿ ಎಣಿಸಲು ಬರುತ್ತದೆ. ಸೂಚನೆಯನ್ನು ಯಂತ್ರ ಎಲ್ಲ ಕಡೆಯೂ ಪಾಲಿಸುತ್ತದೆಂಬ ಖಾತರಿ ಇಲ್ಲ. ಹೀಗಾಗಿ ಎಡಬದಿ, ಬಲಬದಿಯ ಆ ಹಾಳೆಯನ್ನು ಕೈಬಿಡುವಂತಿಲ್ಲ, ಅದರಲ್ಲಿ ಬರೆಯಬೇಕಾದ ಸಾಲುಗಳು ಕಡಿಮೆಯಾಗುತ್ತವೆ ಅಷ್ಟೆ.